%R −20 ಎನ್ನುತ್ತದೆ, ಸ್ಟೊಕ್ಯಾಸ್ಟಿಕ್ 48 ಎನ್ನುತ್ತದೆ: ಎರಡೂ ಒಂದೇ ಲೆಕ್ಕವೆಂದರೆ ಈ ಅಂತರ ಎಲ್ಲಿಂದ ಬಂತು?

ಡೊಂಬಿವಲಿ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ಷೇರು ಚಾರ್ಟ್‌ನ ಸೂಚಕಗಳಾದ ವಿಲಿಯಮ್ಸ್ ಪರ್ಸೆಂಟ್ ಆರ್, ಅಂದರೆ %R, ಮತ್ತು ಸ್ಟೊಕ್ಯಾಸ್ಟಿಕ್ ಎರಡೂ ಮೂಲತಃ ಒಂದೇ ಎಂದು ಈ ವೇದಿಕೆಯಲ್ಲೇ ಹಿಂದೊಮ್ಮೆ ಓದಿದ್ದೆ. ಆದರೆ ನನ್ನ ಆಪ್‌ನಲ್ಲಿ ಎರಡಕ್ಕೂ 5 ದಿನಗಳ ಅವಧಿಯನ್ನೇ ಕೊಟ್ಟಿದ್ದರೂ ಅಂಕಿಗಳು ಹೊಂದುತ್ತಿಲ್ಲ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಆದ್ದರಿಂದ ಏಳು ದಿನಗಳ ಬೆಲೆಗಳನ್ನಷ್ಟೇ ರೂಪಾಯಿಯಲ್ಲಿ ಕೊಡುತ್ತೇನೆ. ಸಾಲಿನಲ್ಲಿ ಮೊದಲು ದಿನ, ಆಮೇಲೆ ಗರಿಷ್ಠ, ಕನಿಷ್ಠ, ಮುಕ್ತಾಯ.

```
1   412   402   408
2   418   406   415
3   421   411   413
4   416   405   407
5   410   401   404
6   413   403   411
7   419   409   417
```

ಏಳನೆಯ ದಿನದ ಸಂಜೆ %R ಗೆರೆ −20ಕ್ಕೆ ಬಂದು ನಿಂತಿತ್ತು, ಅಂದರೆ ಬೆಲೆ ಅತಿಯಾಗಿ ಏರಿದೆ ಎನ್ನುವ ಓವರ್‌ಬಾಟ್ ಹೊಸ್ತಿಲು. ಅದೇ ಹೊತ್ತಿಗೆ ಸ್ಟೊಕ್ಯಾಸ್ಟಿಕ್‌ನ %K 48.33 ತೋರಿಸುತ್ತಿತ್ತು, ಅಂದರೆ ಹೆಚ್ಚುಕಡಿಮೆ ನಡುಮಧ್ಯ. ಎರಡೂ ಸೂಚಕಗಳು ಒಪ್ಪಿದಾಗ ಮಾತ್ರ ವ್ಯವಹಾರ ಮಾಡಬೇಕೆಂಬುದು ನಾನು ಹಾಕಿಕೊಂಡ ನಿಯಮ: ಕೊಳ್ಳುವುದಕ್ಕೆ %R −80ಕ್ಕಿಂತ ಕೆಳಗೂ ಸ್ಟೊಕ್ಯಾಸ್ಟಿಕ್ 20ಕ್ಕಿಂತ ಕೆಳಗೂ ಇರಬೇಕು, ಮಾರುವುದಕ್ಕೆ ಅದರ ತಿರುವುಮುರುವು. ಹೀಗೆ ಇವೆರಡು ಬೇರೆ ಬೇರೆ ಮಾತನಾಡಿದಾಗ ಯಾವುದನ್ನು ನಂಬಬೇಕು?

ಘಾಟ್ಕೋಪರ್ ಶೆಟ್ಟಿ

ರಾಯರೇ, ಇದು ಸುಲಭದ ಪ್ರಶ್ನೆ. ಸ್ಟೊಕ್ಯಾಸ್ಟಿಕ್ ಬೆಲೆಯನ್ನು ಕೆಳಗಿನಿಂದ ಅಳೆಯುತ್ತದೆ, %R ಮೇಲಿನಿಂದ ಅಳೆಯುತ್ತದೆ. ಒಂದು ಇನ್ನೊಂದರ ವಿರುದ್ಧ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ 100 ಬರಬೇಕು. ನಿಮ್ಮ %R 20 ಆಗಿದ್ದರೆ ಸ್ಟೊಕ್ಯಾಸ್ಟಿಕ್ 80 ಆಗಿರಲೇಬೇಕು. 48 ಬಂದಿದೆಯೆಂದರೆ ಆಪ್‌ನ ಲೆಕ್ಕದಲ್ಲೇ ದೋಷವಿದೆ. ನಾನಂತೂ ಬಹಳ ವರ್ಷಗಳಿಂದ %R ಒಂದನ್ನೇ ನೋಡುತ್ತೇನೆ, ಏಕೆಂದರೆ ಅದರ ಸೂತ್ರವೇ ಚುರುಕಾದದ್ದು; ಸ್ಟೊಕ್ಯಾಸ್ಟಿಕ್ ಯಾವಾಗಲೂ ಒಂದೆರಡು ದಿನ ತಡವಾಗಿ ಹೇಳುತ್ತದೆ.

ಮಾಟುಂಗಾ ಮೇಷ್ಟ್ರು

ಶೆಟ್ಟರು 80 ಬರಬೇಕೆಂದದ್ದು ಸರಿ. ಆದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ ಎನ್ನುವುದು ಇಂದಿನ ಪರದೆಯಲ್ಲಿ ಕಾಣುವ %Rಗೆ ಹೊಂದುವುದಿಲ್ಲ, ಆಪ್ ಕೂಡ ತಪ್ಪು ಲೆಕ್ಕ ಮಾಡಿಲ್ಲ. ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಬೀಜಗಣಿತ ಕಲಿಸಿದವನು ನಾನು, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಐದು ದಿನಗಳ ಕಿಟಕಿಯಲ್ಲಿನ ಅತಿ ಹೆಚ್ಚಿನ ಬೆಲೆ H, ಅತಿ ಕಡಿಮೆ ಬೆಲೆ L, ಇಂದಿನ ಮುಕ್ತಾಯ ಬೆಲೆ C ಎಂದಿರಲಿ. C ಯಾವಾಗಲೂ L ಮತ್ತು H ನಡುವೆ ಎಲ್ಲೋ ಒಂದು ಕಡೆ ಇರುತ್ತದೆ, ಮತ್ತು ಆ ಪೂರ್ತಿ ಅಂತರವನ್ನು ಅದು ಎರಡು ತುಂಡು ಮಾಡುತ್ತದೆ: ಕೆಳಗಿನ ತುಂಡು C − L, ಮೇಲಿನ ತುಂಡು H − C. ಕಚ್ಚಾ %K ಎಂದರೆ ಕೆಳಗಿನ ತುಂಡು ಪೂರ್ತಿ ಅಂತರದ ಶೇಕಡಾ ಎಷ್ಟು ಎಂಬುದು. %R ಎಂದರೆ ಮೇಲಿನ ತುಂಡು ಶೇಕಡಾ ಎಷ್ಟು ಎಂಬುದು, ಅದರ ಮುಂದೆ ಒಂದು ಋಣಚಿಹ್ನೆ.

```
%K = 100 × (C − L) / (H − L)
%R = −100 × (H − C) / (H − L)
(C − L) + (H − C) = H − L
%R = %K − 100
```

ಮೂರನೆಯ ಸಾಲನ್ನು H − Lನಿಂದ ಭಾಗಿಸಿ 100ರಿಂದ ಗುಣಿಸಿದರೆ ನಾಲ್ಕನೆಯ ಸಾಲು ತಾನಾಗಿ ಬರುತ್ತದೆ. ಇದರಲ್ಲಿ ಅಂದಾಜು ಎಂಬುದಿಲ್ಲ. H, L, C ಒಂದೇ ಆಗಿದ್ದು ಅವಧಿಯೂ ಒಂದೇ ಆಗಿದ್ದರೆ, ಎರಡು ಗೆರೆಗಳ ಪ್ರತಿ ಏರಿಳಿತವೂ ಒಂದೇ ಆಗಿರುತ್ತದೆ ಮತ್ತು ಪಕ್ಕದಲ್ಲಿ ಬರೆದ ಅಂಕಿಗಳಷ್ಟೇ 100ರಷ್ಟು ಕೆಳಗೆ ಸರಿದಿರುತ್ತವೆ. 80 ಇದ್ದಲ್ಲಿ −20, 20 ಇದ್ದಲ್ಲಿ −80.

ಶೆಟ್ಟರ ಮಾತಿಗೂ ಒಂದು ಆಧಾರವಿದೆ. ಲ್ಯಾರಿ ವಿಲಿಯಮ್ಸ್ ಅವರು 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಸೂಚಕವನ್ನು ಕೆಲವರು ಋಣಚಿಹ್ನೆಯಿಲ್ಲದೆ, 0ಯನ್ನು ಮೇಲಿಟ್ಟು 100ನ್ನು ಕೆಳಗಿಟ್ಟು ತಲೆಕೆಳಗಾದ ಮಾಪಕದಲ್ಲಿ ಬರೆಯುತ್ತಾರೆ. ಆ ರೂಪದಲ್ಲಿ ಎರಡನ್ನೂ ಕೂಡಿಸಿದರೆ 100 ಬರುವುದು ನಿಜ. ಋಣಚಿಹ್ನೆ ಸೇರಿಸಿದ ಮೇಲೆ ಮಾಪಕವನ್ನು ತಲೆಕೆಳಗು ಮಾಡುವ ಅಗತ್ಯ ಉಳಿಯುವುದಿಲ್ಲ, ಎರಡು ಗೆರೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ.

ಇನ್ನು ರಾಯರ ಅಂಕಿಗಳು. ಐದನೆಯ ದಿನ H 421, L 401, ಅಂತರ 20. ಮುಕ್ತಾಯ 404 ಆದ್ದರಿಂದ ಕೆಳಗಿನ ತುಂಡು 3, ಮೇಲಿನದು 17. %K 15, %R −85. ಆರನೆಯ ದಿನವೂ H ಮತ್ತು L ಅವೇ. ಮುಕ್ತಾಯ 411, ಸರಿಯಾಗಿ ನಡುವೆ, 50 ಮತ್ತು −50. ಏಳನೆಯ ದಿನ ಮುಕ್ತಾಯ 417, ಕೆಳಗಿನ ತುಂಡು 16. 80 ಮತ್ತು −20. ಈಗ 15, 50, 80 ಈ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ: 48.33. ನಿಮ್ಮ ಆಪ್ ಸ್ಟೊಕ್ಯಾಸ್ಟಿಕ್ ಎಂದು ತೋರಿಸುತ್ತಿರುವುದು ಇಂದಿನ %K ಅಲ್ಲ, ಮೂರು ದಿನಗಳ %Kಗಳ ಸರಾಸರಿ. ಸೆಟ್ಟಿಂಗ್‌ನಲ್ಲಿ 5, 3, 3 ಎಂದು ಮೂರು ಅಂಕಿಗಳಿದ್ದರೆ ನಡುವಿನ 3 ಮಾಡುತ್ತಿರುವ ಕೆಲಸ ಅದೇ.

ಹಾಗಾಗಿ ತಡವಾಗುವುದು ಸ್ಟೊಕ್ಯಾಸ್ಟಿಕ್‌ನ ಸೂತ್ರದಿಂದಲ್ಲ, ಸರಾಸರಿಯಿಂದ. ಮೂರು ದಿನಗಳ ಸರಳ ಸರಾಸರಿ ಸುಮಾರು ಒಂದು ದಿನ ಹಿಂದೆ ಬೀಳುತ್ತದೆ. ಅದರ ಮೇಲೆ %D ಗೆರೆಗಾಗಿ ಮತ್ತೆ ಮೂರು ದಿನಗಳ ಸರಾಸರಿ ತೆಗೆದರೆ ಇನ್ನೊಂದು ದಿನ. ಶೆಟ್ಟರು ಹೇಳುವ ಒಂದೆರಡು ದಿನದ ತಡ ಇದೇ. ಅವರ %Rಗೂ ಮೂರು ದಿನಗಳ ಸರಾಸರಿ ತೆಗೆದರೆ ಅದೂ ಏಳನೆಯ ದಿನ −51.67 ಎಂದೇ ಹೇಳುತ್ತದೆ, ಅದು 48.33 − 100 ಅಲ್ಲದೆ ಬೇರೇನೂ ಅಲ್ಲ.

ಹಿಂಜೆವಾಡಿ ಕೋಡಿಗ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪುಣೆಯಲ್ಲಿ ನಮ್ಮ ಕೆಲವು ಗೆಳೆಯರು ಪೈಥಾನ್‌ನಲ್ಲಿ ಇದನ್ನು ಪರೀಕ್ಷಿಸಲು ಹೋಗಿ ಎರಡೂ ಬೇರೆ ಬೇರೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಕಾರಣ ಇಷ್ಟೇ: TA-Lib ಲೈಬ್ರರಿಯಲ್ಲಿ `WILLR`ಗೆ ನಾವೇನೂ ಹೇಳದಿದ್ದರೆ ಅದು 14ರ ಅವಧಿಯನ್ನು ಹಿಡಿಯುತ್ತದೆ, `STOCH` 5ನ್ನು ಹಿಡಿದು ಮೇಲೆ ಮೂರರ ಸರಾಸರಿಯನ್ನೂ ತೆಗೆಯುತ್ತದೆ. ಅವಧಿ ಬೇರೆಯಾದ ಮೇಲೆ H ಮತ್ತು L ಎರಡೂ ಬೇರೆ, ಹೋಲಿಕೆಗೆ ಅರ್ಥವಿಲ್ಲ. ಹೋಲಿಸಲೇಬೇಕೆಂದರೆ ಹೀಗೆ:

```python
k, d = talib.STOCHF(high, low, close,
                    fastk_period=14, fastd_period=1)
r = talib.WILLR(high, low, close, timeperiod=14)
print(np.nanmax(np.abs(k - 100 - r)))
```

ದಿನದ ಬೆಲೆಗಳಿಗೆ ಇದನ್ನು ಓಡಿಸಿದರೆ ಉತ್ತರ ಸೊನ್ನೆಯೇ, ಅಥವಾ ದಶಮಾಂಶದ ಎಷ್ಟೋ ಸ್ಥಾನಗಳಾಚೆಯ ಕಸ.

ಆದರೆ ಒಂದು ಸಂದರ್ಭದಲ್ಲಿ ಈ ಉತ್ತರ ಪೂರ್ತಿ 100 ಬರುತ್ತದೆ, ಅದನ್ನು ತಿಳಿದಿರುವುದು ಒಳ್ಳೆಯದು. ವಹಿವಾಟೇ ಇಲ್ಲದ ಷೇರಿನ ಒಂದು ನಿಮಿಷದ ಚಾರ್ಟ್‌ನಲ್ಲಿ ಹದಿನಾಲ್ಕು ಕ್ಯಾಂಡಲ್‌ಗಳೂ ಒಂದೇ ಬೆಲೆಯಲ್ಲಿ ನಿಂತಿದ್ದರೆ, ಅಥವಾ ಷೇರು ಅಪ್ಪರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿ ಅಲುಗಾಡದಿದ್ದರೆ, H ಮತ್ತು L ಒಂದೇ ಆಗಿ ಛೇದ ಸೊನ್ನೆಯಾಗುತ್ತದೆ. ಗಣಿತಕ್ಕೆ ಅಲ್ಲಿ ಉತ್ತರವಿಲ್ಲ. ಈ ಲೈಬ್ರರಿ ಅಲ್ಲಿ ಎರಡಕ್ಕೂ 0 ತುಂಬುತ್ತದೆ. %K 0 ಎಂದರೆ ತಳ, %R 0 ಎಂದರೆ ತುದಿ; ಒಂದೇ ಕ್ಷಣದಲ್ಲಿ ಒಂದು ಕೊಳ್ಳು ಎನ್ನುತ್ತದೆ, ಇನ್ನೊಂದು ಮಾರು ಎನ್ನುತ್ತದೆ. ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಂ ಬರೆದವರು ಛೇದ ಸೊನ್ನೆಯಾದ ಕ್ಯಾಂಡಲ್‌ಗಳನ್ನು ಮೊದಲೇ ಬದಿಗೆ ತೆಗೆಯಬೇಕು.

ಡೊಂಬಿವಲಿ ಪ್ರಯಾಣಿಕ

ಸೆಟ್ಟಿಂಗ್‌ನಲ್ಲಿ ನಡುವಿನ 3ನ್ನು 1 ಮಾಡಿದೆ. %K 80ಕ್ಕೆ ಹೋಯಿತು, ಎರಡು ಗೆರೆಗಳ ಆಕಾರವೂ ಒಂದರ ಮೇಲೊಂದು ಇಟ್ಟಂತಾಯಿತು. ಮೇಷ್ಟ್ರಿಗೂ ಕೋಡಿಗರಿಗೂ ಧನ್ಯವಾದ.

ಆದರೆ ಈಗ ನನ್ನ ನಿಯಮದ ಬಗ್ಗೆಯೇ ಅನುಮಾನ ಬಂದಿದೆ. ಸರಾಸರಿಯನ್ನು ಮೊದಲಿನಂತೆ 3ಕ್ಕೆ ಇಟ್ಟು, ಎರಡೂ ಒಪ್ಪಿದಾಗ ಮಾತ್ರ ಕೊಳ್ಳುತ್ತೇನೆ ಎಂದರೆ, ಅದು ಎರಡು ಸಾಕ್ಷಿಗಳ ಒಪ್ಪಿಗೆ ಆಗುತ್ತದೆಯೇ, ಒಂದೇ ಸಾಕ್ಷಿಯ ಹೇಳಿಕೆಯನ್ನು ಎರಡು ಸಲ ಬರೆದುಕೊಂಡಂತಾಗುತ್ತದೆಯೇ?

ಮಾಟುಂಗಾ ಮೇಷ್ಟ್ರು

ಎರಡಕ್ಕೂ ನಡುವಿನದು. ಸರಾಸರಿಯನ್ನು 1ಕ್ಕೆ ಇಟ್ಟರೆ ಅದು ಸಂಪೂರ್ಣವಾಗಿ ಒಂದೇ ಹೇಳಿಕೆ. ಎರಡನೆಯ ಷರತ್ತನ್ನು ತೆಗೆದುಹಾಕಿದರೂ ನಿಮ್ಮ ಒಂದೇ ಒಂದು ವ್ಯವಹಾರವೂ ಬದಲಾಗುವುದಿಲ್ಲ. 3ಕ್ಕೆ ಇಟ್ಟರೆ ಏನಾಗುತ್ತದೆ ನೋಡೋಣ. ಐದನೆಯ ದಿನದಂತೆ ಇಂದಿನ ಕಚ್ಚಾ %K 15 ಎಂದಿಟ್ಟುಕೊಳ್ಳಿ, ಅಂದರೆ %R −85, ಮೊದಲ ಷರತ್ತು ತೀರಿತು. ಮೂರು ದಿನಗಳ ಸರಾಸರಿ 20ಕ್ಕಿಂತ ಕಡಿಮೆಯಾಗಬೇಕಾದರೆ ಮೂರರ ಮೊತ್ತ 60ಕ್ಕಿಂತ ಕಡಿಮೆ ಇರಬೇಕು. ಇಂದಿನ 15 ಕಳೆದರೆ, ನಿನ್ನೆ ಮತ್ತು ಮೊನ್ನೆಯ ಮೊತ್ತ 45ಕ್ಕಿಂತ ಕಡಿಮೆ. ನಿಮ್ಮ ಎರಡನೆಯ ಸೂಚಕ ನಿಜವಾಗಿ ಕೇಳುತ್ತಿರುವುದು ಇಷ್ಟನ್ನೇ: ಬೆಲೆ ನಿನ್ನೆ ಮೊನ್ನೆಯೂ ತಳದ ಹತ್ತಿರವೇ ಇತ್ತೇ?

ಇದು ಕೇಳಬಾರದ ಪ್ರಶ್ನೆಯಲ್ಲ. ಒಂದೇ ದಿನ ಧಡಕ್ಕನೆ ಕುಸಿದ ಷೇರನ್ನು ಅದು ಬಿಟ್ಟುಬಿಡುತ್ತದೆ, ಎರಡು ಮೂರು ದಿನ ಕೆಳಗೆ ಕುಳಿತ ಷೇರನ್ನು ಆಯುತ್ತದೆ. ಆದರೆ ಅದನ್ನು ಸ್ವತಂತ್ರ ಸಾಕ್ಷ್ಯ ಎಂದು ಎಣಿಸಬಾರದು, ಏಕೆಂದರೆ ಮೂರರಲ್ಲಿ ಒಂದು ಪಾಲು ಮೊದಲ ಷರತ್ತಿನದೇ ಅಂಕಿ, ಉಳಿದ ಎರಡು ಪಾಲು ಕೂಡ ಹೆಚ್ಚುಕಡಿಮೆ ಅದೇ ಕಿಟಕಿಯ ಬೆಲೆಗಳಿಂದ ಬಂದದ್ದು. ಬೇರೆಯದೇ ಸಾಕ್ಷಿ ಬೇಕಿದ್ದರೆ ಗರಿಷ್ಠ, ಕನಿಷ್ಠ, ಮುಕ್ತಾಯ ಈ ಮೂರರಲ್ಲಿ ಇಲ್ಲದ ಮಾಹಿತಿಯನ್ನು ಹುಡುಕಬೇಕು. ವಹಿವಾಟಿನ ಪ್ರಮಾಣ, ಎನ್‌ಎಸ್‌ಇ ಪ್ರಕಟಿಸುವ ಡೆಲಿವರಿ ಪ್ರಮಾಣ, ಇಂಥವು.

ಘಾಟ್ಕೋಪರ್ ಶೆಟ್ಟಿ

ಮೇಷ್ಟ್ರೇ, ಗಣಿತ ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಸರಾಸರಿ ತೆಗೆದದ್ದು ಒಂದೇ ದಿನ ಕುಸಿದ ಷೇರನ್ನು ಬಿಟ್ಟುಬಿಡುತ್ತದೆ ಎನ್ನುತ್ತೀರಿ, ಆದರೆ ರಾಯರ ಉದಾಹರಣೆಯಲ್ಲೇ ಅದು ಅವರಿಗೆ ಅಡ್ಡಿಯಾಗಿದೆ. ಐದನೆಯ ದಿನ 404ರಲ್ಲಿ %R ಕೊಳ್ಳು ಎಂದಿತ್ತು. ಎರಡು ದಿನದಲ್ಲಿ ಬೆಲೆ 417. ನಿನ್ನೆ ಮೊನ್ನೆಯೂ ತಳದಲ್ಲಿರಲಿ ಎಂದು ಕಾಯುವವನಿಗೆ ಇಂಥ ತಿರುವು ಯಾವತ್ತೂ ಸಿಗುವುದಿಲ್ಲ.

ಮಾಟುಂಗಾ ಮೇಷ್ಟ್ರು

ಈ ಏಳು ದಿನಗಳಲ್ಲಿ ಹಾಗಾಯಿತು, ನಿಜ. 404ರಿಂದ 390ಕ್ಕೆ ಇಳಿದಿದ್ದರೂ ಐದನೆಯ ದಿನದ %R ಅದೇ −85 ಆಗಿರುತ್ತಿತ್ತು. ಯಾವುದು ಹೆಚ್ಚು ಸಲ ಆಗುತ್ತದೆ ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ, ಪ್ರತಿ ಷೇರಿನ ಹಳೆಯ ಬೆಲೆಗಳನ್ನು ತೆಗೆದು ಎಣಿಸಬೇಕು. ನಾನು ಹೇಳುತ್ತಿರುವುದು ಸಣ್ಣ ಮಾತು: ನಿಮ್ಮ ಮತ್ತು ರಾಯರ ನಡುವಿನ ಜಗಳ %R ಮತ್ತು ಸ್ಟೊಕ್ಯಾಸ್ಟಿಕ್ ನಡುವಿನದಲ್ಲ, ಸರಾಸರಿ 1 ಇರಬೇಕೋ 3 ಇರಬೇಕೋ ಎಂಬುದು.

ಮಡಗಾಂವ್ ಹೋಟೆಲಿನವ

ನಾನು ತಡವಾಗಿ ಬಂದೆ, ಕ್ಷಮಿಸಿ. ನೀವೆಲ್ಲ ಯಾವ ಸೂಚಕ ನಂಬಬೇಕು ಎಂದು ಚರ್ಚಿಸುತ್ತಿದ್ದೀರಿ, ನನಗಂತೂ ಎರಡರಲ್ಲೂ ನಂಬಿಕೆ ಹೋಗಿದೆ. ನನ್ನ ಬಳಿ ಇರುವ ಒಂದು ಷೇರು ಒಂದಕ್ಕೊಂದು ಬೋನಸ್ ಕೊಟ್ಟಿತು. ಬೆಲೆ 900ರ ಆಸುಪಾಸಿನಿಂದ 450ರ ಆಸುಪಾಸಿಗೆ ಬಂತು, ಅದು ಸಹಜ. ಅಲ್ಲಿಂದ ದಿನವೂ ಸ್ವಲ್ಪ ಸ್ವಲ್ಪ ಏರುತ್ತಿದ್ದರೂ %R ಮಾತ್ರ −97, −95 ಎಂದು ತಳಕ್ಕೇ ಅಂಟಿಕೊಂಡಿತ್ತು, ಸ್ಟೊಕ್ಯಾಸ್ಟಿಕ್ ಕೂಡ ಹಾಗೆಯೇ. ಇಷ್ಟು ಓವರ್‌ಸೋಲ್ಡ್ ಎಂದರೆ ಇನ್ನಷ್ಟು ಕೊಳ್ಳಬೇಕೇ?

ಹಿಂಜೆವಾಡಿ ಕೋಡಿಗ

ಅಣ್ಣಾ, ನಿಮ್ಮ ಚಾರ್ಟ್ ಹಳೆಯ ಬೆಲೆಗಳನ್ನು ಬೋನಸ್‌ಗೆ ತಕ್ಕಂತೆ ಅರ್ಧ ಮಾಡಿಲ್ಲ, ಅಷ್ಟೇ. ಕಿಟಕಿಯಲ್ಲಿ ಹಳೆಯ ಗರಿಷ್ಠ 920, ಹೊಸ ಕನಿಷ್ಠ 440 ಎಂದಿಟ್ಟುಕೊಂಡರೆ ಅಂತರ 480 ಆಗುತ್ತದೆ. ಮುಕ್ತಾಯ 455 ಆದರೆ ಕೆಳಗಿನ ತುಂಡು ಬರೀ 15, %K ಸುಮಾರು 3, %R ಸುಮಾರು −97. ಬೆಲೆ ಇನ್ನೂ 20 ರೂಪಾಯಿ ಏರಿ 475 ಆದರೂ %K 7ರ ಆಸುಪಾಸು. ಇಪ್ಪತ್ತು ರೂಪಾಯಿಯ ಏರಿಕೆಗೆ ಸೂಚಕ ನಾಲ್ಕೇ ಅಂಕ ಅಲುಗಿದರೆ ಅದೇ ಗುರುತು: ಛೇದದಲ್ಲಿ ಸಲ್ಲದ ಹಳೆಯ ಬೆಲೆಯೊಂದು ಕುಳಿತಿದೆ. ಹಳೆಯ ಗರಿಷ್ಠವನ್ನೂ ಅರ್ಧ ಮಾಡಿ 460 ಎಂದುಕೊಂಡರೆ ನಿಮ್ಮ 455ಕ್ಕೆ ಓವರ್‌ಸೋಲ್ಡ್ ಎಂಬ ಮಾತೇ ಬರುವುದಿಲ್ಲ.

ಹದಿನಾಲ್ಕು ದಿನಗಳ ಅವಧಿಯಾದರೆ ಬೋನಸ್‌ಗೆ ಹಿಂದಿನ ಕೊನೆಯ ಕ್ಯಾಂಡಲ್ ಕಿಟಕಿಯಿಂದ ಆಚೆ ಹೋದ ದಿನ ಗೆರೆ ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಆ ನೆಗೆತವನ್ನೂ ಸಿಗ್ನಲ್ ಎಂದು ತಿಳಿಯಬೇಡಿ. ಮತ್ತು ಎರಡೂ ಸೂಚಕಗಳು ಒಪ್ಪಿದವು ಎಂದು ಧೈರ್ಯ ಪಡುವುದು ಎಷ್ಟು ಅಪಾಯ ಎಂಬುದಕ್ಕೆ ನಿಮ್ಮದು ಒಳ್ಳೆಯ ಉದಾಹರಣೆ. ತಪ್ಪು H ಒಂದಕ್ಕೆ ಹೋದರೆ ಇನ್ನೊಂದಕ್ಕೂ ಹೋಗುತ್ತದೆ.

ಮಡಗಾಂವ್ ಹೋಟೆಲಿನವ

ಅರ್ಥವಾಯಿತು. ನನಗೆ ದಿನವೂ ಚಾರ್ಟ್ ನೋಡಲು ಪುರಸೊತ್ತಿಲ್ಲ, ಸೀಸನ್ನಿನಲ್ಲಂತೂ ಊಟಕ್ಕೂ ಸಮಯವಿರುವುದಿಲ್ಲ. ಅದಕ್ಕೇ ವಾರದ ಚಾರ್ಟ್‌ನಲ್ಲಿ 14ರ %R ಇಟ್ಟುಕೊಳ್ಳೋಣ ಎಂದಿದ್ದೇನೆ. ವಾರದ್ದು ದಿನದ್ದಕ್ಕಿಂತ ಬೇರೆ ಜಾತಿಯ ಸೂಚಕವೇ?

ಮಾಟುಂಗಾ ಮೇಷ್ಟ್ರು

ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ %R ಮತ್ತು ಸರಾಸರಿ ತೆಗೆದ ಸ್ಟೊಕ್ಯಾಸ್ಟಿಕ್ ನಿಜವಾಗಿ ಬೇರೆಯಾಗುವುದು ಇಲ್ಲಿ. ವಾರದ ಗರಿಷ್ಠ ಎಂದರೆ ಆ ವಾರದ ದಿನಗಳ ಗರಿಷ್ಠಗಳಲ್ಲಿ ದೊಡ್ಡದು. ಹದಿನಾಲ್ಕು ವಾರಗಳ ಗರಿಷ್ಠಗಳಲ್ಲಿ ದೊಡ್ಡದನ್ನು ಹುಡುಕಿದರೆ ಸಿಗುವುದು ಆ ಎಲ್ಲ ದಿನಗಳ ಗರಿಷ್ಠಗಳಲ್ಲಿ ದೊಡ್ಡದೇ. ಕನಿಷ್ಠಕ್ಕೂ ಹಾಗೆಯೇ. ವಾರದ ಮುಕ್ತಾಯ ಎಂದರೆ ಕೊನೆಯ ದಿನದ ಮುಕ್ತಾಯ. ಆದ್ದರಿಂದ ನಡುವೆ ರಜೆಗಳಿಲ್ಲದಿದ್ದರೆ, ಶುಕ್ರವಾರ ಮಾರುಕಟ್ಟೆ ಮುಗಿದ ಮೇಲೆ ವಾರದ ಚಾರ್ಟ್‌ನ 14ರ %R ಮತ್ತು ದಿನದ ಚಾರ್ಟ್‌ನ 70ರ %R ಒಂದೇ ಅಂಕಿ. ಮೂರು ರಜೆಗಳಿದ್ದರೆ 67ರದು.

ವಾರದ ಮಧ್ಯೆ ನೋಡುವವರು ಒಂದು ವಿಷಯ ಗಮನಿಸಬೇಕು. ಸೋಮವಾರ ಹೊಸ ವಾರದ ಕ್ಯಾಂಡಲ್ ಹುಟ್ಟಿದೊಡನೆ ಹಳೆಯ ವಾರವೊಂದು ಇಡಿಯಾಗಿ ಹೊರಗೆ ಬೀಳುತ್ತದೆ. ಕಿಟಕಿ 66 ದಿನಗಳಿಗೆ ಕುಗ್ಗಿ ಶುಕ್ರವಾರಕ್ಕೆ ಮತ್ತೆ 70 ಆಗುತ್ತದೆ. ಹೊರಬಿದ್ದ ವಾರದಲ್ಲೇ H ಇದ್ದಿದ್ದರೆ ಬೆಲೆ ಅಲುಗದಿದ್ದರೂ ಸೂಚಕ ಅಲುಗುತ್ತದೆ.

ಸರಾಸರಿ ತೆಗೆದ ಸ್ಟೊಕ್ಯಾಸ್ಟಿಕ್‌ನಲ್ಲಿ ಹೀಗೆ ವಾರದ 14ರ ಬದಲು ದಿನದ 70ನ್ನು ಇಡಲಾಗದು. ವಾರದ ಚಾರ್ಟ್‌ನ ಮೂರರ ಸರಾಸರಿ ಮೂರು ಶುಕ್ರವಾರಗಳದು, ದಿನದ ಚಾರ್ಟ್‌ನದು ಬುಧ, ಗುರು, ಶುಕ್ರವಾರಗಳದು. ಅವಧಿಯನ್ನು ಎಷ್ಟು ಬದಲಿಸಿದರೂ ಅವೆರಡನ್ನು ಹೊಂದಿಸಲಾಗದು.

ಹಿಂಜೆವಾಡಿ ಕೋಡಿಗ

ಸರಾಸರಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಷಿಕಾಗೋದ ಜಾರ್ಜ್ ಲೇನ್ ಅವರ ಹೆಸರಿನೊಂದಿಗೆ ಬಂದ ಹಳೆಯ ಪದ್ಧತಿಯಲ್ಲಿ %D ಎಂದರೆ ಮೂರು %Kಗಳ ಸರಾಸರಿಯಲ್ಲ. ಮೂರು ದಿನಗಳ C − L ಮೊತ್ತವನ್ನು ಮೂರು ದಿನಗಳ H − L ಮೊತ್ತದಿಂದ ಭಾಗಿಸುವುದು. ಅಂತರ ಒಂದೇ ಸಮ ಇದ್ದಾಗ ಎರಡೂ ಒಂದೇ. ಅಂತರ ಹಠಾತ್ತನೆ ಹಿಗ್ಗಿದರೆ ಹಾಗಲ್ಲ: ಒಂದು ದಿನ 10ರಲ್ಲಿ 9, ಮರುದಿನ 40ರಲ್ಲಿ 4 ಎಂದರೆ, ಎರಡು ದಿನದ ಸರಳ ಸರಾಸರಿ 50, ಮೊತ್ತದ ಪದ್ಧತಿಯಲ್ಲಿ 50ರಲ್ಲಿ 13, ಅಂದರೆ 26. ಆಗಲೂ −100ರ ಸಂಬಂಧ ಉಳಿಯುತ್ತದೆಯೇ?

ಮಾಟುಂಗಾ ಮೇಷ್ಟ್ರು

ಉಳಿಯುತ್ತದೆ. ಮೇಲಿನ ತುಂಡುಗಳು 1 ಮತ್ತು 36, ಮೊತ್ತ 37. 50ರಲ್ಲಿ 37 ಎಂದರೆ %R −74, ಅದು 26 − 100. ಪ್ರತಿದಿನ ಎರಡು ತುಂಡು ಸೇರಿ ಪೂರ್ತಿಯಾಗುವುದರಿಂದ ಮೊತ್ತಗಳಲ್ಲೂ ಹಾಗೆಯೇ ಆಗುತ್ತದೆ. ಆದರೆ ಒಂದಕ್ಕೆ ಮೊತ್ತದ ಪದ್ಧತಿ, ಇನ್ನೊಂದಕ್ಕೆ ಸರಳ ಸರಾಸರಿ ಬಳಸಿದರೆ ಸಂಬಂಧ ಮುರಿಯುತ್ತದೆ.

ಘಾಟ್ಕೋಪರ್ ಶೆಟ್ಟಿ

ಹಾಗಾದರೆ ಒಂದು ಕೊನೆಯ ತಕರಾರು. ನನ್ನ ಎರಡು ಆಪ್‌ಗಳಲ್ಲಿ ಅವಧಿ 14, ಸರಾಸರಿ 1, ಬೋನಸ್ ಗೀನಸ್ ಏನೂ ಇಲ್ಲ. ಆದರೂ ಸಂಜೆ ಒಂದರ %Rಗೂ ಇನ್ನೊಂದರ %Kಗೂ ಲೆಕ್ಕ ಹಾಕಿದರೆ ಎರಡು ಮೂರು ಅಂಕಗಳ ವ್ಯತ್ಯಾಸ ಬರುತ್ತದೆ.

ಹಿಂಜೆವಾಡಿ ಕೋಡಿಗ

ಶೆಟ್ರೇ, ಎರಡರ C ಬೇರೆ ಇರಬಹುದು. ಎನ್‌ಎಸ್‌ಇಯಲ್ಲಿ ಬಹುಕಾಲದ ಪದ್ಧತಿಯಂತೆ ಮುಕ್ತಾಯ ಬೆಲೆ ಎಂದರೆ ಮೂರೂವರೆಗೆ ನಡೆದ ಕೊನೆಯ ವ್ಯವಹಾರದ ಬೆಲೆಯಲ್ಲ, ಮೂರು ಗಂಟೆಯಿಂದ ಮೂರೂವರೆಯವರೆಗಿನ ವ್ಯವಹಾರಗಳ ತೂಕದ ಸರಾಸರಿ. ಕೆಲವು ಚಾರ್ಟ್‌ಗಳು ಕೊನೆಯ ವ್ಯವಹಾರದ ಬೆಲೆಯನ್ನೇ ಮುಕ್ತಾಯ ಎಂದು ಇಟ್ಟುಕೊಳ್ಳುತ್ತವೆ. ಕಿಟಕಿಯ ಅಂತರ 20 ರೂಪಾಯಿ ಇರುವಲ್ಲಿ C ಐವತ್ತು ಪೈಸೆ ಬೇರೆಯಾದರೆ ಸೂಚಕ ಎರಡೂವರೆ ಅಂಕ ಬೇರೆಯಾಗುತ್ತದೆ. ಒಂದೇ ಆಪ್‌ನಲ್ಲಿ ಎರಡನ್ನೂ ಹಾಕಿ ನೋಡಿ.

ಘಾಟ್ಕೋಪರ್ ಶೆಟ್ಟಿ

ಒಂದೇ ಆಪ್‌ನಲ್ಲಿ ಹಾಕಿದೆ, ಹೊಂದುತ್ತದೆ. ಆದರೆ ಎರಡು Cಗಳಲ್ಲಿ ಯಾವುದು ಸರಿ? ನಾನು ಮಾರಬೇಕಾದರೆ ಕೊನೆಯ ಬೆಲೆಗೆ ಮಾರುತ್ತೇನೆ, ಅರ್ಧ ಗಂಟೆಯ ಸರಾಸರಿಗೆ ಯಾರೂ ನನ್ನಿಂದ ಕೊಳ್ಳುವುದಿಲ್ಲ.

ಮಾಟುಂಗಾ ಮೇಷ್ಟ್ರು

ನಾನು ವಿನಿಮಯ ಕೇಂದ್ರ ಪ್ರಕಟಿಸಿದ ಮುಕ್ತಾಯವನ್ನೇ ಹಿಡಿಯುತ್ತೇನೆ, ಹಳೆಯ ದಾಖಲೆಗಳೆಲ್ಲ ಅದರಲ್ಲೇ ಇರುವುದರಿಂದ. ಕೊನೆಯ ನಿಮಿಷದ ಒಂದು ಸಣ್ಣ ಆರ್ಡರ್ ಸೂಚಕವನ್ನು ಎಳೆದಾಡುವುದೂ ಅದರಿಂದ ತಪ್ಪುತ್ತದೆ. ಶೆಟ್ಟರು ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆ.

ಘಾಟ್ಕೋಪರ್ ಶೆಟ್ಟಿ

ಒಪ್ಪುವುದಿಲ್ಲ.